ಒಂದೇ ಸ್ವರಕ್ಕೆ ಜೋತುಬಿದ್ದ ರಾಕ್

1965ರ ಕೊನೆಯಲ್ಲಿ ನ್ಯೂಯಾರ್ಕಿನ ನಾಲ್ವರು ಹುಡುಗರ ತಂಡವೊಂದಕ್ಕೆ ಮೊದಲ ಬಾರಿಗೆ ದುಡ್ಡು ಕೊಟ್ಟು ನುಡಿಸಲು ಕರೆಸಿದರು. ಪಕ್ಕದ ನ್ಯೂಜೆರ್ಸಿಯ ಸಮಿಟ್ ಎಂಬ ಊರಿನ ಹೈಸ್ಕೂಲು, ಡಿಸೆಂಬರ್ 11ರ ಸಂಜೆ, ಸಂಭಾವನೆ ಒಟ್ಟು 75 ಡಾಲರ್. ಮೂವರು ಒಪ್ಪಿದರು. ಡ್ರಮ್ ಬಾರಿಸುವ ಆಂಗಸ್ ಮಕ್ಲೀಸ್ ಮಾತ್ರ ತಗಾದೆ ತೆಗೆದ. ಅವರು ಹೇಳಿದ ಹೊತ್ತಿಗೆ ಶುರು ಮಾಡಬೇಕು, ಹೇಳಿದ ಹೊತ್ತಿಗೆ ನಿಲ್ಲಿಸಬೇಕು ಎನ್ನುವ ಕರಾರು ಅವನಿಗೆ ಒಗ್ಗಲಿಲ್ಲ. ಯಾರೋ ಗಡಿಯಾರ ನೋಡಿಕೊಂಡು ಕುಳಿತಿರುವಾಗ ಸಂಗೀತ ಹೇಗೆ ಸಾಧ್ಯ ಎಂಬುದು ಅವನ ತಕರಾರು. ತಂಡ ಬಿಟ್ಟು ನಡೆದ.

ಹುಚ್ಚು ಎಂದು ನಗುವುದು ಸುಲಭ. ಆದರೆ ಮಕ್ಲೀಸ್ ಬಂದದ್ದು ಶುರುವೂ ಮುಗಿತಾಯವೂ ಇಲ್ಲದ ಸಂಗೀತ ನುಡಿಸುತ್ತಿದ್ದ ಇನ್ನೊಂದು ಗುಂಪಿನಿಂದ. ಅದೇ ಗುಂಪಿನಿಂದ ಬಂದ ಇನ್ನೊಬ್ಬ ಈ ತಂಡದಲ್ಲೇ ಉಳಿದ. ಅವನ ಹೆಸರು ಜಾನ್ ಕೇಲ್. ತಂಡದ ಹೆಸರು ವೆಲ್ವೆಟ್ ಅಂಡರ್‌ಗ್ರೌಂಡ್. ಅರವತ್ತರ ದಶಕದ ಕೊನೆಯಲ್ಲಿ ರಾಕ್ ಸಂಗೀತದೊಳಕ್ಕೆ ಅವಾಂತ್ ಗಾರ್ಡ್ ಎಂದು ಕರೆಸಿಕೊಳ್ಳುವ ಪ್ರಯೋಗಶೀಲ ಸಂಗೀತ ಹೊಕ್ಕ ಕಥೆಯನ್ನು ಹಲವು ಬಾಗಿಲುಗಳಿಂದ ಹೇಳಬಹುದು. ಬೀಟಲ್ಸ್ ತಂಡ ಟೇಪುಗಳನ್ನು ಕತ್ತರಿಸಿ ಸುತ್ತು ಹಾಕಿ ನುಡಿಸಿದ್ದುಂಟು, ಫ್ರಾಂಕ್ ಜಪ್ಪಾ ಆಧುನಿಕ ಫ್ರೆಂಚ್ ಸಂಯೋಜಕ ವರೇಸ್‌ನ ಆರಾಧಕನಾಗಿದ್ದದ್ದುಂಟು. ಆದರೆ ಎಲ್ಲಕ್ಕಿಂತ ಕಡಿಮೆ ಸಾಮಾನಿನಲ್ಲಿ ಆ ಬೆಸುಗೆ ಆದದ್ದು ಇಲ್ಲಿ. ಒಂದು ವಯೋಲಾ, ಒಂದೇ ಸ್ವರಕ್ಕೆ ಕೂಡಿಸಿದ ಗಿಟಾರು, ಮಗ್ಗುಲಾಗಿ ಮಲಗಿಸಿದ ಡ್ರಮ್ಮು, ಅಷ್ಟೇ.

ಕೇಲ್ ಹುಟ್ಟಿದ್ದು 1942ರಲ್ಲಿ, ವೇಲ್ಸ್ ನಾಡಿನ ಗಾರ್ನಂಟ್ ಎಂಬ ಕಲ್ಲಿದ್ದಲು ಗಣಿಯ ಸೀಮೆಯಲ್ಲಿ. ಮನೆಮಾತು ವೆಲ್ಷ್. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದಿ, 1963ರಲ್ಲಿ ವಿದ್ಯಾರ್ಥಿವೇತನ ಹಿಡಿದು ಅಮೆರಿಕಕ್ಕೆ ಬಂದ. ಬಂದ ವರ್ಷವೇ ಒಂದು ವಿಚಿತ್ರ ಕಛೇರಿಯಲ್ಲಿ ಪಾಲ್ಗೊಂಡ. ಎರಿಕ್ ಸತಿ ಬರೆದಿದ್ದ ‘ವೆಕ್ಸೇಷನ್ಸ್’ ಎಂಬ ಚಿಕ್ಕ ಪಿಯಾನೋ ತುಣುಕನ್ನು ಬರೆದಿಟ್ಟ ಸೂಚನೆಯಂತೆ 840 ಸಲ ನುಡಿಸಲು ಜಾನ್ ಕೇಜ್ ಒಂದು ಸರದಿ ಪಡೆ ಕಟ್ಟಿದ್ದ. ಒಬ್ಬರಾದ ಮೇಲೊಬ್ಬರು ಪಿಯಾನೋಕ್ಕೆ ಕುಳಿತು, ಹದಿನೆಂಟು ಗಂಟೆಗೂ ಹೆಚ್ಚು ಹೊತ್ತು ಅದೇ ತುಣುಕನ್ನು ನುಡಿಸಿದರು. ಅದಾದ ವಾರಕ್ಕೆಲ್ಲ ಕೇಲ್ ಟೆಲಿವಿಷನ್ನಿನ ಒಂದು ಮೋಜಿನ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ. ಇವನ ಗುಟ್ಟೇನು ಊಹಿಸಿ ಎಂದು ಅತಿಥಿಗಳನ್ನು ಕೇಳುವ ಆಟ ಅದು. ಇಡೀ ಕಛೇರಿಯನ್ನು ಎದ್ದುಹೋಗದೆ ಕೇಳಿದ ಪುಣ್ಯಾತ್ಮನೊಬ್ಬನನ್ನೂ ಪಕ್ಕದಲ್ಲಿ ಕೂರಿಸಿದ್ದರು.

ಕೇಲ್‌ನ ನಿಜವಾದ ಗುರುಕುಲವಾದದ್ದು ಲಾ ಮಾಂಟ್ ಯಂಗ್‌ನ ಮನೆ.

ಯಂಗ್ 1935ರಲ್ಲಿ ಐಡಹೋ ರಾಜ್ಯದ ಮರದ ದಿಮ್ಮಿಯ ಮನೆಯೊಂದರಲ್ಲಿ ಹುಟ್ಟಿದವನು. ಸಂದಿಗಳಲ್ಲಿ ಊಳಿಡುವ ಗಾಳಿ, ಕರೆಂಟಿನ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ತನ್ನ ಮೊದಲ ಸಂಗೀತ ಎಂದು ಹೇಳಿಕೊಳ್ಳುತ್ತಿದ್ದ. ಐವತ್ತರ ದಶಕದ ಕೊನೆಯಲ್ಲಿ ಅವನ ಕೈಗೆ ಸರೋದ್ ವಾದಕ ಅಲಿ ಅಕ್ಬರ್ ಖಾನ್ 1955ರಲ್ಲಿ ಅಮೆರಿಕದಲ್ಲಿ ಧ್ವನಿಮುದ್ರಿಸಿದ ಎಲ್‌ಪಿ ಸಿಕ್ಕಿತು. ಅದರಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ಸರೋದಿಗಿಂತ ಹೆಚ್ಚಾಗಿ ಹಿಂದಿನ ತಂಬೂರಿ. ನಾವು ತಂಬೂರಿಯನ್ನು ಕೇಳುತ್ತಲೇ ಮರೆಯುತ್ತೇವೆ. ಅದು ಗೋಡೆ, ರಾಗ ಚಿತ್ರ. ಯಂಗ್‌ಗೆ ಮಾತ್ರ ಗೋಡೆಯೇ ಸಾಕು ಎನಿಸಿತು. 1960ರಲ್ಲಿ ಅವನು ಬರೆದ ಏಳನೇ ಕೃತಿಯಲ್ಲಿ ಎರಡೇ ಸ್ವರ. ಅವನ್ನು ಬಹಳ ಹೊತ್ತು ಹಿಡಿದಿರಬೇಕು ಎಂಬುದು ಒಟ್ಟು ಸೂಚನೆ. ಆ ಎರಡು ಸ್ವರಗಳ ಅಂತರ ಷಡ್ಜಕ್ಕೂ ಪಂಚಮಕ್ಕೂ ಇರುವಷ್ಟೇ. ಅಂದರೆ ನಮ್ಮ ಯಾವ ಸಂಗೀತ ಶಾಲೆಯ ಹುಡುಗಿಯೂ ಪಾಠಕ್ಕೆ ಮುಂಚೆ ಶ್ರುತಿಪೆಟ್ಟಿಗೆಯಲ್ಲಿ ಹಾಕಿಕೊಳ್ಳುವುದನ್ನೇ ಅವನು ಕೃತಿ ಎಂದು ಕರೆದ. ಅಮೆರಿಕದಲ್ಲಿ ಇದಕ್ಕೆ ಆಮೇಲೆ ಮಿನಿಮಲಿಸಂ ಎಂಬ ಹೆಸರು ಬಿತ್ತು. ಆದಷ್ಟು ಕಡಿಮೆ ಸಾಮಗ್ರಿ, ಆದಷ್ಟು ಹೆಚ್ಚು ಹೊತ್ತು.

ಯಂಗ್‌ನ ಸುತ್ತ ಕೂಡಿದವರಲ್ಲಿ ಅವನ ಹೆಂಡತಿ ಮೇರಿಯನ್ ಜಜೀಲಾ ಹಾಡುತ್ತಿದ್ದಳು, ಹಾರ್ವರ್ಡಿನಲ್ಲಿ ಗಣಿತ ಓದಿದ್ದ ಟೋನಿ ಕಾನ್ರಾಡ್ ಪಿಟೀಲು ನುಡಿಸುತ್ತಿದ್ದ, ಮಕ್ಲೀಸ್ ಕೈವಾದ್ಯ ಬಾರಿಸುತ್ತಿದ್ದ. ಅಲ್ಲಿಗೆ ಕೇಲ್ ತನ್ನ ವಯೋಲಾ ಹೊತ್ತುಕೊಂಡು ಸೇರಿದ. ಪಿಟೀಲಿನ ದೊಡ್ಡಣ್ಣನಂತಿರುವ ಈ ವಾದ್ಯಕ್ಕೆ ನಾಲ್ಕು ತಂತಿ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ನೆತ್ತಿ ಕಮಾನಿನಂತೆ ಬಾಗಿರುತ್ತದೆ. ಒಂದೊಂದೇ ತಂತಿಯನ್ನು ಬೇರೆಯಾಗಿ ಉಜ್ಜಲಿಕ್ಕಾಗಲಿ, ಹೆಚ್ಚೆಂದರೆ ಎರಡನ್ನು ಒಟ್ಟಿಗೆ ಮುಟ್ಟಲಿಕ್ಕಾಗಲಿ ಎಂದೇ ಆ ಬಾಗು. ಕೇಲ್ ಕುದುರೆಯ ನೆತ್ತಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿದ. ಈಗ ಕಮಾನು ಇಟ್ಟರೆ ಮೂರು ತಂತಿಗಳು ಒಟ್ಟಿಗೆ ನುಡಿದವು. ತಂತಿಗಳನ್ನೂ ಬದಲಿಸಿ ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿ ಹಾಕಿದ, ಒಳಗೆ ಪಿಕಪ್ ಕೂರಿಸಿ ಆ್ಯಂಪ್ಲಿಫೈಯರಿಗೆ ಜೋಡಿಸಿದ. ಬಂದ ನಾದವನ್ನು ಅವನೇ ಜೆಟ್ ವಿಮಾನದ ಎಂಜಿನ್ನಿಗೆ ಹೋಲಿಸುತ್ತಿದ್ದ. ವಾದ್ಯಶಾಸ್ತ್ರದ ಲೆಕ್ಕದಲ್ಲಿ ಇದು ವಯೋಲಾದ ಕೊಲೆ. ಇನ್ನು ಅದರಲ್ಲಿ ಒಂದು ಸರಳ ರಾಗವನ್ನು ನುಡಿಸುವುದೂ ಕಷ್ಟ. ಆದರೆ ಒಂದೇ ನಾದವನ್ನು ಹಿಡಿದಿಡಲು ಇದಕ್ಕಿಂತ ಗಟ್ಟಿ ಯಂತ್ರ ಇನ್ನೊಂದಿರಲಿಲ್ಲ.

ಶ್ರುತಿ ಯಾವುದಕ್ಕೆ ಸೇರಿಸುವುದು? ಗುಂಪಿನ ಉತ್ತರ ಪೂರಾ ನಗರವಾಸಿಯದು. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 60 ಆವರ್ತ ಮುಗಿಸುವ ಅಲೆ. ನಮ್ಮಲ್ಲಿ ಅದು 50. ಸರಿಯಾಗಿ ಅರ್ತ್ ಆಗದ ಆ್ಯಂಪ್ಲಿಫೈಯರು ಗುಂಯ್ ಎನ್ನುವುದು ಆ ಅಲೆಯದೇ ಸದ್ದು. ಪಿಯಾನೋದಲ್ಲಿ ಈ ಸ್ವರಕ್ಕೆ ಮನೆಯಿಲ್ಲ, ಎರಡು ಪಕ್ಕದ ಮನೆಗಳ ನಡುವೆ ಎಲ್ಲೋ ಬೀಳುತ್ತದೆ. ಆದರೆ ಊರಿನ ಪ್ರತಿ ಫ್ರಿಜ್ಜೂ ಪ್ರತಿ ಟ್ರಾನ್ಸ್‌ಫಾರ್ಮರೂ ಅದನ್ನೋ ಅದರ ಮೇಲಿನ ಸ್ಥಾಯಿಯನ್ನೋ ಇಪ್ಪತ್ತನಾಲ್ಕು ಗಂಟೆ ಹಾಡುತ್ತಿರುತ್ತದೆ. ಮಿಕ್ಕವರು ಆ ಸದ್ದನ್ನು ಹೇಗೆ ಅಡಗಿಸುವುದು ಎಂದು ತಲೆ ಕೆರೆದುಕೊಳ್ಳುವಾಗ ಇವರು ಅದನ್ನೇ ಆಧಾರ ಷಡ್ಜ ಮಾಡಿಕೊಂಡರು.

ಮೇಲಿನ ಸ್ವರಗಳನ್ನು ಕೂಡಿಸುವಲ್ಲಿ ಕಾನ್ರಾಡ್‌ನ ಗಣಿತ ನೆರವಿಗೆ ಬಂತು. ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ, ಆದರೆ ತಂಬೂರಿ ಕೇಳಿದವರಿಗೆ ಹೊಸದಲ್ಲ. 60ರ ಷಡ್ಜಕ್ಕೆ ಶುದ್ಧ ಪಂಚಮ 90. ಅಂದರೆ ಎರಡಕ್ಕೆ ಮೂರರ ಅನುಪಾತ. ಶುದ್ಧವಾದ ಗಾಂಧಾರ 75, ನಾಲ್ಕಕ್ಕೆ ಐದು. ಹೀಗೆ ಸೇರಿಸಿದರೆ ಸ್ವರಗಳು ಒಂದರೊಳಗೊಂದು ಬೆಸೆದು ನಿಲ್ಲುತ್ತವೆ. ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದಲ್ಲ, ನಮ್ಮವರು ಸ್ವಯಂಭೂ ಎನ್ನುತ್ತಾರಲ್ಲ, ಅದು ಹುಟ್ಟುವುದು ಈ ಅನುಪಾತದಿಂದಲೇ. ಆದರೆ ಪಿಯಾನೋವನ್ನು ಹನ್ನೆರಡು ಸಮಭಾಗ ಮಾಡಿ ಕೂಡಿಸುವುದರಿಂದ ಅದರ ಗಾಂಧಾರ 75ರ ಬದಲು ಸುಮಾರು 75.6ಕ್ಕೆ ಬೀಳುತ್ತದೆ. ಕಾಗದದ ಮೇಲೆ ಇದು ಏನೂ ಅಲ್ಲ. ಕಿವಿಗೆ ಮಾತ್ರ, ಷಡ್ಜದ ಐದನೆಯ ಉಪಸ್ವರವೂ ಗಾಂಧಾರದ ನಾಲ್ಕನೆಯದೂ ತಿಕ್ಕಾಡಿ, ಸೆಕೆಂಡಿಗೆ ಎರಡಕ್ಕೂ ಹೆಚ್ಚು ಸಲ ಒಂದು ನಡುಕ ಕೇಳುತ್ತದೆ. ಮೂರು ನಿಮಿಷದ ಹಾಡಿನಲ್ಲಿ ಸ್ವರ ಓಡುತ್ತಲೇ ಇರುವುದರಿಂದ ನಡುಕ ಯಾರ ಗಮನಕ್ಕೂ ಬರುವುದಿಲ್ಲ. ಗಂಟೆಗಟ್ಟಲೆ ನಿಂತ ನಾದದಲ್ಲಿ ಅದನ್ನು ಬಿಟ್ಟು ಬೇರೇನೂ ಕೇಳುವುದಿಲ್ಲ. ಶ್ರುತಿ ತಪ್ಪಿದೆ ಎಂದು ಗೊತ್ತಾಗುವುದೂ ಆ ನಡುಕದಿಂದ, ಸರಿಯಾಯಿತು ಎಂದು ಗೊತ್ತಾಗುವುದೂ ಅದು ನಿಂತಾಗ. ಇಷ್ಟನ್ನು ಜೋರಾದ ಆ್ಯಂಪ್ಲಿಫೈಯರಿನಲ್ಲಿ ಮಾಡಿದರೆ ಉಪಸ್ವರಗಳೇ ಹಾಡತೊಡಗುತ್ತವೆ. ಈ ಗುಂಪಿನಲ್ಲಿ ಗದ್ದಲ ಅಂದರೆ ಅಶಿಸ್ತು ಅಲ್ಲ, ಭೂತಗನ್ನಡಿ.

ಈ ಎಳೆಯನ್ನು ನಮ್ಮ ಕಡೆಗೆ ತಂದು ಕಟ್ಟುವ ಉತ್ಸಾಹದಲ್ಲಿ ಕೆಲವರು ಕಾಲಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಯಂಗ್ ಮತ್ತು ಜಜೀಲಾ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದದ್ದು ನಿಜ. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್, ಅವರ ಬಂಧು ಅಬ್ದುಲ್ ಕರೀಂ ಖಾನ್, ಕರೀಂ ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಧಾರವಾಡ ಸೀಮೆಯ ಗಾಯಕಿಗೂ ನ್ಯೂಯಾರ್ಕಿನ ಈ ಮನೆಗೂ ನೆಂಟಸ್ತಿಕೆ ಹೀಗೆ ಬೆಳೆಯುತ್ತದೆ. ಆದರೆ ಯಂಗ್ ಆ ಶಿಷ್ಯತ್ವ ಸ್ವೀಕರಿಸಿದ್ದು 1970ರಲ್ಲಿ. ಅಷ್ಟರಲ್ಲಿ ಕೇಲ್ ಅವನ ಗುಂಪು ಬಿಟ್ಟು ಐದು ವರ್ಷವಾಗಿತ್ತು, ವೆಲ್ವೆಟ್ ಅಂಡರ್‌ಗ್ರೌಂಡ್‌ನಿಂದಲೂ ಹೊರಬಿದ್ದಾಗಿತ್ತು. ರಾಕ್‌ನೊಳಗೆ ಹೋದ ತಂಬೂರಿ ಗುರುಮುಖೇನ ಬಂದದ್ದಲ್ಲ, ಒಂದು ಗ್ರಾಮಫೋನ್ ತಟ್ಟೆಯಿಂದ ಬಂದದ್ದು.

ಇತ್ತ ಲೂ ರೀಡ್ ಎಂಬ ಹುಡುಗ ಪಿಕ್‌ವಿಕ್ ಎಂಬ ಅಗ್ಗದ ರೆಕಾರ್ಡ್ ಕಂಪನಿಯಲ್ಲಿ ಕೂಲಿಗೆ ಹಾಡು ಹೊಸೆಯುತ್ತಿದ್ದ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಕವಿ ಡೆಲ್ಮೋರ್ ಶ್ವಾರ್ಟ್ಸ್‌ನ ಶಿಷ್ಯನಾಗಿದ್ದವನು. ಸಾಹಿತ್ಯದ ಕನಸು ದೊಡ್ಡದು, ನೌಕರಿ ಚಿಕ್ಕದು. ಮಾರುಕಟ್ಟೆಯಲ್ಲಿ ಯಾವ ಕುಣಿತ ಓಡುತ್ತಿದೆಯೋ ಅದರ ನಕಲು ತಯಾರಿಸುವುದು ಕೆಲಸ. 1964ರಲ್ಲಿ ಅವನು ‘ದಿ ಆಸ್ಟ್ರಿಚ್’ ಎಂಬ ಅಣಕದ ಕುಣಿತದ ಹಾಡೊಂದನ್ನು ಮಾಡಿದ. ಅದನ್ನು ವೇದಿಕೆಯಲ್ಲಿ ನುಡಿಸಲು ತಂಡವೇ ಇರಲಿಲ್ಲ. ಕಂಪನಿಯವನು ಒಂದು ಪಾರ್ಟಿಯಲ್ಲಿ ಉದ್ದ ಕೂದಲು ಕಂಡು ಕೇಲ್ ಮತ್ತು ಕಾನ್ರಾಡ್‌ರನ್ನು ಹಿಡಿದು ತಂದ. ಕೂದಲು ಉದ್ದವಿದ್ದರೆ ರಾಕ್ ಬರುತ್ತದೆ ಎಂಬುದು ಆ ಕಾಲದ ಲೆಕ್ಕ. ಗಿಟಾರು ಕೈಗೆ ಕೊಟ್ಟು, ಹೆದರಬೇಡಿ, ಎಲ್ಲ ತಂತಿಯೂ ಒಂದೇ ಸ್ವರಕ್ಕಿದೆ, ಸುಮ್ಮನೆ ಮೀಟಿ ಎಂಬ ಧಾಟಿಯಲ್ಲಿ ಹೇಳಲಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಯಂಗ್‌ನ ಮನೆಯಲ್ಲಿ ದಿನವೂ ತಪಸ್ಸಿನಂತೆ ಮಾಡುತ್ತಿದ್ದದ್ದನ್ನು ಇಲ್ಲೊಬ್ಬ ತಮಾಷೆಗೆ ಮಾಡಿಕೊಂಡು ಕೂತಿದ್ದ.

ಹಾಡು ಮಾರಾಟವಾಗಲಿಲ್ಲ. ಸ್ನೇಹ ಉಳಿಯಿತು. ರೀಡ್‌ನ ಕಾಲೇಜಿನ ಗೆಳೆಯ ಸ್ಟರ್ಲಿಂಗ್ ಮಾರಿಸನ್, ಜೊತೆಗೆ ಮಕ್ಲೀಸ್ ಸೇರಿ ನಾಲ್ವರಾದರು. ತಂಡದ ಹೆಸರು ಕಾನ್ರಾಡ್‌ಗೆ ಬೀದಿಯಲ್ಲಿ ಸಿಕ್ಕ ಒಂದು ಅಗ್ಗದ ಪುಸ್ತಕದ್ದು.

ಹಾಗಾದರೆ ಒಂದೆಡೆ ಹಾಡು, ಇನ್ನೊಂದೆಡೆ ನಿಂತ ನಾದ ಇದ್ದ ಮಾತ್ರಕ್ಕೆ ಬೆಸುಗೆ ಆಗಿಹೋಯಿತೇ? ಇಲ್ಲ, ಅದಕ್ಕೆ ಸಾಕ್ಷಿಯೂ ಇದೆ. 1965ರ ಜುಲೈನಲ್ಲಿ ಲಡ್ಲೋ ರಸ್ತೆಯ ಬಾಡಿಗೆ ಮನೆಯಲ್ಲಿ ರೀಡ್, ಕೇಲ್, ಮಾರಿಸನ್ ಟೇಪ್ ರೆಕಾರ್ಡರಿನ ಮುಂದೆ ಕುಳಿತು ಕೆಲವು ಹಾಡುಗಳನ್ನು ಮುದ್ರಿಸಿಕೊಂಡಿದ್ದರು. ಮಕ್ಲೀಸ್ ಅಂದು ಬಂದಿರಲಿಲ್ಲ, ಹಾಗಾಗಿ ಡ್ರಮ್ ಇಲ್ಲ. ಮೂವತ್ತು ವರ್ಷಗಳ ನಂತರ ಆ ಟೇಪು ಬಿಡುಗಡೆಯಾಯಿತು. ಅದರಲ್ಲಿ ‘ವೀನಸ್ ಇನ್ ಫರ್ಸ್’ ಎಂಬ ಹಾಡಿದೆ. ಮಾಸೋಖ್ ಎಂಬ ಹತ್ತೊಂಬತ್ತನೇ ಶತಮಾನದ ಲೇಖಕನ ಅದೇ ಹೆಸರಿನ ಕಾದಂಬರಿಯ ಆಧಾರದ ಮೇಲೆ ರೀಡ್ ಬರೆದದ್ದು. ಟೇಪಿನಲ್ಲಿ ಹಾಡಿದವನು ಕೇಲ್. ಕೇಳಿದರೆ ಆಶ್ಚರ್ಯವಾಗುತ್ತದೆ. ವಸ್ತು ಚಾವಟಿ ಮತ್ತು ದಾಸ್ಯದ್ದು, ಆದರೆ ಧಾಟಿ ಹಳೆಯ ಇಂಗ್ಲಿಷ್ ಲಾವಣಿಯದು. ಒಬ್ಬ ಸಭ್ಯ ಹುಡುಗ ಅಸಭ್ಯ ಪದ್ಯ ಓದಿದ ಹಾಗೆ. ಪದ್ಯ ಇದೆ, ರಾಗ ಇದೆ, ಬೆಸುಗೆ ಇಲ್ಲ.

ಈಗ ಅದೇ ಹಾಡಿನ, 1966ರಲ್ಲಿ ಹಾಲಿವುಡ್‌ನ ಸ್ಟುಡಿಯೋದಲ್ಲಿ ಮುದ್ರಿಸಿ ಮರುವರ್ಷ ಬಿಡುಗಡೆಯಾದ ರೂಪ ಕೇಳಬೇಕು. ಮೊದಲ ಸೆಕೆಂಡಿನಿಂದಲೇ ವಯೋಲಾ ಉಜ್ಜುತ್ತಿದೆ. ಅದು ಹಾಡಿನ ಜೊತೆ ಓಡುವುದಿಲ್ಲ, ಹಾಡೇ ಅದರ ಮುಂದೆ ಹಾದುಹೋಗುತ್ತದೆ. ರೀಡ್‌ನ ಗಿಟಾರಿನ ತಂತಿಗಳು ‘ಆಸ್ಟ್ರಿಚ್’ನ ರೀತಿಯಲ್ಲೇ ಒಂದೇ ಸ್ವರಕ್ಕೆ ಕೂಡಿವೆ. ಹಾಗಾಗಿ ಅವನು ಮೀಟಿದಾಗ ಏಳುವುದು ಸ್ವರಮೇಳವಲ್ಲ, ತಂಬೂರಿಯನ್ನು ಸಿಟ್ಟಿನಿಂದ ಮೀಟಿದಂಥ ಒಂದು ಝೇಂಕಾರ. ಹಾಡುವ ದನಿ ಈಗ ರೀಡ್‌ನದು, ಭಾವವಿಲ್ಲದೆ, ಮಾತಿಗೆ ತೀರ ಹತ್ತಿರ. ಕೆಳಗಡೆ ಡ್ರಮ್ಮು ಹೆಣದ ಮೆರವಣಿಗೆಯಷ್ಟು ನಿಧಾನ. ಲಾವಣಿಯಲ್ಲಿ ಕಥೆ ಮುಂದಕ್ಕೆ ಹೋಗುತ್ತಿತ್ತು, ಇಲ್ಲಿ ಯಾರೂ ಎಲ್ಲಿಗೂ ಹೋಗಲಾರರು. ದಾಸ್ಯದ ಪದ್ಯಕ್ಕೆ ಚಲಿಸದ ನಾದ ಅರ್ಥವಾಗಿಬಿಟ್ಟಿತು.

ಆ ಡ್ರಮ್ಮು ಬಾರಿಸಿದವಳು ಮಾರೀನ್ ಟಕರ್. ಮಕ್ಲೀಸ್ ಹೋದ ಮೇಲೆ ಹೈಸ್ಕೂಲಿನ ಕಾರ್ಯಕ್ರಮಕ್ಕೆ ತುರ್ತಾಗಿ ಯಾರಾದರೂ ಬೇಕಿತ್ತು. ಮಾರಿಸನ್‌ನ ಹಳೆಯ ಗೆಳೆಯನೊಬ್ಬನ ತಂಗಿ ಮನೆಯಲ್ಲಿ ಡ್ರಮ್ ಬಾರಿಸುತ್ತಾಳೆ ಎಂದು ನೆನಪಾಯಿತು. ಆಕೆ ಕುಳಿತು ಬಾರಿಸುವವಳಲ್ಲ, ನಿಂತು ಬಾರಿಸುವವಳು. ಕಾಲಿನಿಂದ ಒದೆಯುವ ದೊಡ್ಡ ಬೇಸ್ ಡ್ರಮ್ಮನ್ನು ಮಗ್ಗುಲಾಗಿ ಮಲಗಿಸಿ ಮೇಲಿನಿಂದ ಬಟ್ಟೆ ಸುತ್ತಿದ ಕೋಲುಗಳಿಂದ ಬಡಿಯುತ್ತಿದ್ದಳು. ಝಣ್ ಎನ್ನುವ ತಾಳಗಳನ್ನು ಹೆಚ್ಚುಕಡಿಮೆ ಮುಟ್ಟುತ್ತಲೇ ಇರಲಿಲ್ಲ. ಅವಳಿಗೆ ಇಷ್ಟವಾದವರು ಬೋ ಡಿಡ್ಲಿ ಮತ್ತು ನೈಜೀರಿಯಾದ ವಾದಕ ಓಲಾಟುಂಜಿ. ರಾಕ್ ಡ್ರಮ್ಮರುಗಳು ಸಾಲಿನ ಕೊನೆಗೆ ಹಾಕುವ ಉರುಳಿಕೆ, ಅಲಂಕಾರ ಒಂದೂ ಇಲ್ಲ. ಕೇಲ್‌ಗೆ ಮೊದಲು ಹೆಂಗಸೊಬ್ಬಳು ತಂಡಕ್ಕೆ ಬರುವುದೇ ಹಿಡಿಸಿರಲಿಲ್ಲ. ಆದರೆ ತಾಳದಲ್ಲಿ ಆಕೆ ಮಾಡುತ್ತಿದ್ದದ್ದೂ ನಾದದಲ್ಲಿ ಇವನು ಮಾಡುತ್ತಿದ್ದದ್ದೂ ಒಂದೇ. ಎತ್ತರದ ತಾಳಗಳ ಝಣಕು ಇಲ್ಲದ್ದರಿಂದ ಮೇಲಿನ ಜಾಗವೆಲ್ಲ ವಯೋಲಾದ ಉಪಸ್ವರಗಳಿಗೆ ತೆರೆದುಕೊಂಡಿತು. ಕಾಲವೇ ಬೇಡ ಎಂದ ಮಕ್ಲೀಸ್ ಹೋಗಿ, ಒಂದೇ ಪೆಟ್ಟನ್ನು ಬಿಡದೆ ಹೊಡೆಯುವ ಟಕರ್ ಬಂದದ್ದರಿಂದಲೇ ನಾದಕ್ಕೆ ಕಾಲು ಬಂತು ಎನ್ನಬೇಕು. ಇತಿಹಾಸ ಬರೆದವರು ರೀಡ್ ಮತ್ತು ಕೇಲ್‌ಗೆ ಕೊಟ್ಟಷ್ಟು ಪುಟಗಳನ್ನು ಆಕೆಗೆ ಕೊಡದಿರುವುದು ಅನ್ಯಾಯ.

ಸಮಿಟ್ ಹೈಸ್ಕೂಲಿನಲ್ಲಿ ಅಂದು ಮೂರೇ ಹಾಡು. ಅದರಲ್ಲಿ ಒಂದು ‘ವೀನಸ್ ಇನ್ ಫರ್ಸ್’, ಇನ್ನೊಂದು ‘ಹೆರಾಯಿನ್’. ಊರಿನ ಮಕ್ಕಳು, ಅವರ ಹಿರಿಯರು ಕುಳಿತಿದ್ದ ಸಭೆ. ಬಹಳಷ್ಟು ಮಂದಿ ಎದ್ದು ಹೊರಟುಹೋದರು.

‘ಹೆರಾಯಿನ್’ ಏಳು ನಿಮಿಷ ಮೀರುವ ಹಾಡು. ಮಾದಕವಸ್ತು ಸೇವಿಸಿದವನೊಬ್ಬ ತನ್ನ ಒಳಗೆ ಆಗುತ್ತಿರುವುದನ್ನು ಹೊಗಳದೆ ತೆಗಳದೆ ಹೇಳುತ್ತಾನೆ. ಇಡೀ ಹಾಡಿಗೆ ಎರಡೇ ಸ್ವರಮೇಳ. ಬೇರೆ ಯಾವ ತಿರುವೂ ಇಲ್ಲದ್ದರಿಂದ ಬದಲಾಗುವುದು ವೇಗ ಒಂದೇ. ನಿಧಾನವಾಗಿ ಶುರುವಾಗಿ, ಎದೆ ಬಡಿತ ಏರಿದಂತೆ ಏರಿ, ಮತ್ತೆ ಕುಸಿದು, ಮತ್ತೆ ಏರುತ್ತದೆ. ವಯೋಲಾ ಬಹಳ ಹೊತ್ತು ಒಂದೇ ಸ್ವರವನ್ನು ಹಿಡಿದು ಹಿಂದೆ ನಿಂತಿರುತ್ತದೆ. ಕೊನೆಯ ಏರಿನಲ್ಲಿ ಮಾತ್ರ ಅದು ಕಿರುಚತೊಡಗುತ್ತದೆ. ಕುದುರೆಯ ಬಳಿ ಕಮಾನನ್ನು ಒತ್ತಿ ಎಳೆದಾಗ ಮೂಲಸ್ವರ ಮುಳುಗಿ ಬರಿಯ ಮೇಲಿನ ಉಪಸ್ವರಗಳು ಚೀರುವ ಸದ್ದು ಅದು. ಇದೇ ಜಾಗದಲ್ಲಿ ಕಿವಿಗೊಟ್ಟು ಕೇಳಿದರೆ ಡ್ರಮ್ಮು ಇದ್ದಕ್ಕಿದ್ದಂತೆ ನಿಂತುಹೋಗುವುದು ತಿಳಿಯುತ್ತದೆ. ಎಷ್ಟೋ ವಿಮರ್ಶಕರು ಇದನ್ನು ಹೃದಯ ಸ್ತಂಭನದ ಸಂಕೇತ ಎಂದು ವ್ಯಾಖ್ಯಾನಿಸಿ ಆನಂದಿಸಿದ್ದಾರೆ. ಟಕರ್ ಹೇಳಿದ ಕಾರಣ ಸರಳ. ಮಿಕ್ಕವರ ಸದ್ದು ಎಷ್ಟಾಗಿತ್ತೆಂದರೆ ಯಾರು ಎಲ್ಲಿದ್ದಾರೆ ಎಂದು ಅವಳಿಗೆ ಕೇಳಿಸಲೇ ಇಲ್ಲ. ಕೈ ನಿಲ್ಲಿಸಿದಳು, ತಾನು ನಿಲ್ಲಿಸಿದರೆ ಅವರೂ ನಿಲ್ಲಿಸುತ್ತಾರೆ ಎಂದುಕೊಂಡು. ಅವರು ನಿಲ್ಲಿಸಲಿಲ್ಲ. ಮತ್ತೆ ಸೇರಿಕೊಂಡಳು. ಆ ಮುದ್ರಣವೇ ತಟ್ಟೆಗೆ ಹೋಯಿತು.

ಈ ಮೊದಲ ಆಲ್ಬಂ ಹೊರಬರಲು ಸಾಧ್ಯವಾದದ್ದು ಚಿತ್ರಕಾರ ಆ್ಯಂಡಿ ವಾರ್ಹಾಲ್ ತಂಡವನ್ನು ಬೆನ್ನಿಗೆ ಹಾಕಿಕೊಂಡದ್ದರಿಂದ. ಜರ್ಮನಿಯ ನೀಕೋ ಎಂಬ ಗಾಯಕಿಯನ್ನು ಸೇರಿಸಿದ್ದು, ಹೊದಿಕೆಯ ಮೇಲೆ ಬಾಳೆಹಣ್ಣು ಬಿಡಿಸಿದ್ದು ಅವನೇ. ನಿರ್ಮಾಪಕನೆಂದು ಅವನ ಹೆಸರೇ ಇದೆ, ಆದರೆ ಅವನು ಮಾಡಿದ ದೊಡ್ಡ ಉಪಕಾರ ಏನನ್ನೂ ಮಾಡದೆ ಸುಮ್ಮನಿದ್ದದ್ದು. ವಾರ್ಹಾಲ್ ಹೆಸರಿನ ಎದುರು ಸ್ಟುಡಿಯೋದವರು ಸದ್ದು ತಗ್ಗಿಸಿ ಎನ್ನುವ ಧೈರ್ಯ ಮಾಡಲಿಲ್ಲ. 1967ರ ಮಾರ್ಚಿನಲ್ಲಿ ತಟ್ಟೆ ಬಂತು. ಹಿಂದಿನ ಹೊದಿಕೆಯಲ್ಲಿ ತನ್ನ ಚಿತ್ರವನ್ನು ಕೇಳದೆ ಬಳಸಿದ್ದಾರೆಂದು ವಾರ್ಹಾಲ್ ಬಳಗದ ನಟನೊಬ್ಬ ತಕರಾರು ತೆಗೆದದ್ದರಿಂದ ಕೆಲಕಾಲ ಅಂಗಡಿಗಳಿಂದ ವಾಪಸೂ ಹೋಯಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ಆಗ ಏರಿದ ಎತ್ತರ 171ನೇ ಸ್ಥಾನ.

ಎರಡನೆಯ ಆಲ್ಬಂ ‘ವೈಟ್ ಲೈಟ್/ವೈಟ್ ಹೀಟ್’. 1967ರ ಸೆಪ್ಟೆಂಬರಿನಲ್ಲಿ ಮುದ್ರಣ, ಮರುವರ್ಷದ ಜನವರಿಯಲ್ಲಿ ಬಿಡುಗಡೆ. ಅದರ ಕೊನೆಯ ಹಾಡು ‘ಸಿಸ್ಟರ್ ರೇ’ ಹದಿನೇಳೂವರೆ ನಿಮಿಷದ್ದು. ಎಲ್‌ಪಿಯ ಒಂದು ಬದಿಗೆ ಇಪ್ಪತ್ತೆರಡು ನಿಮಿಷದ ಆಸುಪಾಸು ಹಿಡಿಯುವ ಕಾಲದಲ್ಲಿ ಇದೊಂದೇ ಬದಿಯ ಬಹುಪಾಲು ನುಂಗಿತು. ಒಂದೇ ಸಲ ನುಡಿಸುವುದು, ಏನು ಬಂದರೂ ಅದನ್ನೇ ಇಟ್ಟುಕೊಳ್ಳುವುದು ಎಂದು ಮೊದಲೇ ತೀರ್ಮಾನವಾಗಿತ್ತು. ಬೇಸ್ ಗಿಟಾರು ಇಲ್ಲ. ಕೇಲ್ ವಯೋಲಾ ಬಿಟ್ಟು ವಾಕ್ಸ್ ಕಂಪನಿಯ ಎಲೆಕ್ಟ್ರಿಕ್ ಆರ್ಗನ್ನಿಗೆ ಕುಳಿತ. ಅದನ್ನು ಗಿಟಾರಿನ ಆ್ಯಂಪ್ಲಿಫೈಯರಿಗೆ ಸಿಕ್ಕಿಸಿದ್ದರಿಂದ ದನಿ ಹರಿದು ಗರಗಸದಂತಾಯಿತು. ರೀಡ್ ಮತ್ತು ಮಾರಿಸನ್ ಕೈಯಲ್ಲಿ ಗಿಟಾರು. ಟಕರ್ ಕೈಯಲ್ಲಿ ಅದೇ ಒಂದೇ ಪೆಟ್ಟು. ಮೂರು ಸ್ವರಮೇಳ, ಅದರ ಮೇಲೆ ಪೊಲೀಸರು, ಕೊಲೆ, ಮಾದಕವಸ್ತುಗಳೆಲ್ಲ ಸೇರಿದ ಒಂದು ರಾತ್ರಿಯ ಕಥೆ. ಕಥೆ ಬಹುಮಟ್ಟಿಗೆ ಸದ್ದಿನಡಿ ಹೂತುಹೋಗುತ್ತದೆ.

ಸ್ಟುಡಿಯೋದಲ್ಲಿ ಸದ್ದಿನ ಮಟ್ಟ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಬಾರದು ಎಂಬುದು ಮೊದಲ ಪಾಠ. ದಾಟಿದರೆ ಟೇಪು ಅಷ್ಟು ಏರಿಳಿತವನ್ನು ಹಿಡಿಯಲಾರದೆ ಅಲೆಯ ನೆತ್ತಿಯನ್ನು ಕತ್ತರಿಸಿಬಿಡುತ್ತದೆ. ಹಾಗೆ ಕತ್ತರಿಸಿದಾಗ ಮೂಲದಲ್ಲಿಲ್ಲದ ಹೊಸ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ‘ಸಿಸ್ಟರ್ ರೇ’ಯಲ್ಲಿ ಮುಳ್ಳು ಕೆಂಪಿನಲ್ಲೇ ಮನೆ ಮಾಡಿತ್ತು. ಜೊತೆಗೆ ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದ್ದರಿಂದ ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಸೋರಿತು. ಯಂಗ್‌ನ ಮನೆಯಲ್ಲಿ ಶುದ್ಧ ಅನುಪಾತದಿಂದ ಎಬ್ಬಿಸುತ್ತಿದ್ದ ಉಪಸ್ವರಗಳು ಇಲ್ಲಿ ಕೆಡಿಸುವುದರಿಂದ ಎದ್ದವು. ಇದನ್ನು ಕೇಳಬೇಕೆಂದೇನೂ ನನಗಿಲ್ಲ ಎಂದು ಎಂಜಿನಿಯರು ಟೇಪು ಓಡಲು ಬಿಟ್ಟು ಹೊರನಡೆದ ಎಂಬ ಕಥೆಯನ್ನು ರೀಡ್ ಮುಂದೆ ಸಂತೋಷದಿಂದ ಹೇಳುತ್ತಿದ್ದ.

ಆದರೆ ಕೇಳುಗರಿಗೆ ಇಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ನುಡಿಸುತ್ತ ನುಡಿಸುತ್ತ ಒಬ್ಬರ ಮೇಲೊಬ್ಬರು ಸದ್ದು ಏರಿಸುತ್ತಿದ್ದಾರೆ. ಗಿಟಾರು ಮೇಲೇರುತ್ತದೆ. ಅರ್ಧ ದಾರಿಯಲ್ಲಿ ಆರ್ಗನ್ ಅದನ್ನು ಮೀರಿ ಎದ್ದು ಉಳಿದವರನ್ನು ಅಪ್ಪಳಿಸುತ್ತದೆ. ಯಂಗ್‌ನ ಗುಂಪಿನಲ್ಲಿ ಎಲ್ಲರೂ ಒಂದೇ ಶ್ರುತಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದರು. ಅಲ್ಲೂ ಈ ನಾದ ಯಾರದು ಎಂಬ ಜಗಳ ತಪ್ಪಲಿಲ್ಲ. ಸಂಯೋಜಕ ತಾನೊಬ್ಬನೇ ಎಂದು ಯಂಗ್, ಎಲ್ಲರೂ ಸೇರಿ ಕಟ್ಟಿದ್ದು ಎಂದು ಕಾನ್ರಾಡ್ ಮತ್ತು ಕೇಲ್ ಪಟ್ಟು ಹಿಡಿದು, ಆ ಟೇಪುಗಳಲ್ಲಿ ಹೆಚ್ಚಿನವು ದಶಕಗಟ್ಟಲೆ ಯಂಗ್‌ನ ಕಪಾಟಿನಲ್ಲೇ ಉಳಿದವು. ರಾಕ್ ತಂಡದಲ್ಲಂತೂ ಆ ಜಗಳಕ್ಕೆ ಆ್ಯಂಪ್ಲಿಫೈಯರುಗಳೇ ಆಯುಧ. 1968ರ ಸೆಪ್ಟೆಂಬರಿನಲ್ಲಿ ರೀಡ್ ಕೇಲ್‌ನನ್ನು ತಂಡದಿಂದ ತೆಗೆದ. ತಾನೇ ಹೇಳುವ ಧೈರ್ಯವಿಲ್ಲದೆ ಮಾರಿಸನ್ ಕೈಯಲ್ಲಿ ಹೇಳಿ ಕಳಿಸಿದ. ಮುಂದಿನ ವರ್ಷ ಬಂದ ಮೂರನೆಯ ಆಲ್ಬಂ ಬಹುಪಾಲು ಮೆಲುದನಿಯದು, ಸುಂದರ ಹಾಡುಗಳದು. ವಯೋಲಾ ಹೋಗಿತ್ತು, ಜೊತೆಗೆ ಗೋಡೆಯೂ.

ಆ ಹೊತ್ತಿಗೆ ಈ ವಿದ್ಯೆ ಬೇರೆ ಕಡೆಯೂ ಮೊಳೆಯುತ್ತಿತ್ತು. ಜರ್ಮನಿಯ ಕಲೋನ್ ನಗರದಲ್ಲಿ ಸ್ಟಾಕ್‌ಹೌಸೆನ್‌ನ ಇಬ್ಬರು ಶಿಷ್ಯರು, ಇರ್ಮಿನ್ ಶ್ಮಿಟ್ ಮತ್ತು ಹೋಲ್ಗರ್ ಚುಕಾಯ್, 1968ರಲ್ಲಿ ಕ್ಯಾನ್ ಎಂಬ ತಂಡ ಕಟ್ಟಿದರು. ಶ್ಮಿಟ್ ಎರಡು ವರ್ಷ ಹಿಂದೆ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಹೊಸ ಸಂಗೀತ ಕೇಳಿ ಬಂದಿದ್ದ. ಅವರ ಮೊದಲ ಆಲ್ಬಮ್ಮಿನಲ್ಲೂ ಒಂದು ಬದಿಯನ್ನು ಪೂರ್ತಿ ಆವರಿಸುವ, ಒಂದೇ ತಾಳಕ್ಕೆ ಅಂಟಿಕೊಂಡ ಹಾಡಿದೆ. ನೀಕೋ ಹಾರ್ಮೋನಿಯಂ ಹಿಡಿದು ಮಾಡಿದ ‘ದಿ ಮಾರ್ಬಲ್ ಇಂಡೆಕ್ಸ್’ ಆಲ್ಬಮ್ಮಿಗೆ 1968ರಲ್ಲಿ ವಾದ್ಯ ಸಂಯೋಜನೆ ಮಾಡಿಕೊಟ್ಟವನು ಕೇಲ್.

ಮರುವರ್ಷ ಅವನನ್ನು ಡೆಟ್ರಾಯಿಟ್ ಕಡೆಯ ಸ್ಟೂಜಸ್ ಎಂಬ ಒರಟು ಹುಡುಗರ ತಂಡದ ಮೊದಲ ಆಲ್ಬಂ ನಿರ್ಮಿಸಲು ಕರೆದರು. ಅದರಲ್ಲಿ ‘ವಿ ವಿಲ್ ಫಾಲ್’ ಎಂಬ ಹತ್ತು ನಿಮಿಷದ ಹಾಡೊಂದಿದೆ. ಹುಡುಗರು ಹಿಂದೆ ಕುಳಿತು ರಾಮನಾಮದ ಜಪವನ್ನು ಮಂದ್ರದಲ್ಲಿ ಎಳೆಯುತ್ತಾರೆ, ಕೇಲ್‌ನ ವಯೋಲಾ ಶ್ರುತಿ ಹಿಡಿಯುತ್ತದೆ. ಇದು ಆ ತಟ್ಟೆಯಲ್ಲಿ ಎಲ್ಲರೂ ಹಾರಿಸಿ ಮುಂದೆ ಹೋಗುವ ಹಾಡು, ಹಾರಿಸುವುದೂ ನ್ಯಾಯವೇ. ಅದಕ್ಕಿಂತ ಗಮನ ಕೊಡಬೇಕಾದದ್ದು ಪಕ್ಕದ ‘ಐ ವಾನಾ ಬಿ ಯುವರ್ ಡಾಗ್’. ಗಿಟಾರು ಮೂರು ಸ್ವರಮೇಳಗಳನ್ನು ಇಳಿಯುತ್ತ ಇಳಿಯುತ್ತ ಮತ್ತೆ ಮೇಲಿನಿಂದ ಶುರು ಮಾಡುತ್ತದೆ. ಅದರ ಮೇಲೆ ಕೇಲ್ ಪಿಯಾನೋಕ್ಕೆ ಕುಳಿತು ಒಂದೇ ಸ್ವರದ ಒಂದೇ ಮನೆಯನ್ನು ಟಿಣ್ ಟಿಣ್ ಟಿಣ್ ಎಂದು ಕುಟ್ಟುತ್ತಾನೆ. ಗಿಟಾರು ಕೆಳಗೆ ಏನೇ ಮಾಡಲಿ, ಕೆಲವೊಮ್ಮೆ ಸ್ವರ ಅದಕ್ಕೆ ಒಪ್ಪುತ್ತದೆ, ಕೆಲವೊಮ್ಮೆ ಕಚ್ಚುತ್ತದೆ, ಆದರೆ ಬೆರಳು ಮಾತ್ರ ಸರಿಯುವುದಿಲ್ಲ. ಹಾಡಿನ ಉದ್ದ ಮೂರು ನಿಮಿಷ ಚಿಲ್ಲರೆ. ಯಾವ ರೇಡಿಯೋ ಗಡಿಯಾರವೂ ತಕರಾರು ಮಾಡದಷ್ಟು.